ಚಾಟ್‌ನಲ್ಲಿ ಬರೀ ಅರ್ಥವಿಲ್ಲದ ಅಕ್ಷರ ಬಂದಾಗ: ಸಹಾಯ ವಿಭಾಗದವರಿಗೆ ದೋಷ ಪತ್ತೆ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸಹಕಾರಿ ಸಂಘಗಳಿಗೂ ಕುಮಟಾದಿಂದ ಕಾರವಾರದವರೆಗಿನ ಅಂಗಡಿ, ಕಚೇರಿಗಳಿಗೂ ತಂತ್ರಾಂಶದ ಸಹಾಯ ಕೊಡಲು ಚಾಟ್‌ನಲ್ಲಿ ಕೂರುವವರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿ ಬಿಡಿಸಿ ನೋಡುವುದು ಒಂದೇ ದೋಷವನ್ನು. ಗ್ರಾಹಕರಿಂದ ಸಂದೇಶ ಬರುತ್ತದೆ, ಆದರೆ ಅದರಲ್ಲಿ ಓದಬಹುದಾದ ಒಂದು ಪದವೂ ಇರುವುದಿಲ್ಲ. ಉದಾಹರಣೆಗೆ ಹೀಗೆ:

```
tqfqibeqfqe
```

ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನೋಡಿದ ಕೂಡಲೇ ಯಾರೋ ಮಗು ಕೀಲಿಮಣೆ ಕುಟ್ಟಿದೆ ಎಂದುಕೊಂಡು ಚಾಟ್ ಮುಚ್ಚಿಬಿಡುತ್ತಾರೆ. ನಿಜಕ್ಕೂ ಇದು ‘ತಟ್ಟಿಬೆಟ್ಟೆ’. ಅಡಿಕೆಯ ಒಂದು ಬಗೆ. ‘ಯಾವ ಬಗೆಯ ರಸೀದಿಯಲ್ಲಿ ತೊಂದರೆ?’ ಎಂದು ನಾವು ಕೇಳಿದ ಪ್ರಶ್ನೆಗೆ ಸಂಘದ ಗುಮಾಸ್ತರು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ‘ನುಡಿ’ ತಂತ್ರಾಂಶ ಚಾಲೂ ಇರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಇಂಥ ಸಂದೇಶವನ್ನು ಮೊದಲು ಕನ್ನಡ ಎಂದೇ ಭಾವಿಸಿ ನೋಡಬೇಕು. ಅಲ್ಲವೆಂದು ಖಚಿತವಾದ ಮೇಲೆ ಮಾತ್ರ ಬೇರೆ ಕಾರಣ ಹುಡುಕಬೇಕು. ಸಂಘಗಳಲ್ಲಿ, ಪಂಚಾಯಿತಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕೂತು ಕೆಲಸ ಮಾಡುವವರು ವರ್ಷಗಟ್ಟಲೆ ನುಡಿಯಲ್ಲೇ ಬೆರಳಾಡಿಸಿದವರು. ಕಣ್ಣು ಎದುರಿನ ಕಾಗದದ ಮೇಲಿರುತ್ತದೆ, ಬೆರಳು ಕೀಲಿಯ ಮೇಲಿರುತ್ತದೆ, ಪರದೆಯನ್ನು ಅವರು ವಾಕ್ಯ ಮುಗಿದ ಮೇಲೆ ನೋಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಕಂಪ್ಯೂಟರ್ ಮತ್ತೆ ಶುರುವಾದಾಗ ನುಡಿ ತಾನಾಗಿ ಶುರುವಾಗದೆ ಉಳಿದಿದ್ದರೆ, ಅವರು ಕನ್ನಡದಲ್ಲಿ ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರವಾಗಿ ನಮ್ಮ ಕಡೆ ಬಂದು ಬೀಳುತ್ತದೆ.

ಓದುವ ಮೊದಲು ಒಂದು ಎಚ್ಚರ

ಸಂದೇಶ ಒಂದೇ ತುಂಡಾಗಿದೆಯೇ, ನಡುವೆ ಜಾಗ ಇಲ್ಲವೇ, ಲಾಗಿನ್ ಆಗುತ್ತಿಲ್ಲ ಎಂಬ ಮಾತಿನ ಹಿಂದೆ ಮುಂದೆ ಬಂದಿದೆಯೇ ನೋಡಿ. ಹಾಗಿದ್ದರೆ ಅದು ಪಾಸ್‌ವರ್ಡ್ ಇರಬಹುದು. ಲಾಗಿನ್ ಪೆಟ್ಟಿಗೆಯಲ್ಲಿ ಒತ್ತಬೇಕಾದ್ದನ್ನು ಪಕ್ಕದ ಚಾಟ್ ಪೆಟ್ಟಿಗೆಯಲ್ಲಿ ಒತ್ತಿಬಿಡುವುದು ಸಾಮಾನ್ಯ. ಇಂಥ ಸಂದೇಶವನ್ನು ನಿಮ್ಮ ಉತ್ತರದಲ್ಲಿ ಮತ್ತೆ ಬರೆಯಬೇಡಿ, ಸಹೋದ್ಯೋಗಿಗಳ ಗುಂಪಿಗೆ ಚಿತ್ರ ತೆಗೆದು ಹಾಕಬೇಡಿ. ‘ಈಗ ಕಳಿಸಿದ್ದು ನಿಮ್ಮ ಪಾಸ್‌ವರ್ಡ್ ಆಗಿದ್ದರೆ ದಯವಿಟ್ಟು ಈಗಲೇ ಬದಲಿಸಿಕೊಳ್ಳಿ, ನಾನು ಅದನ್ನು ಬಳಸುವುದಿಲ್ಲ’ ಎಂದು ಹೇಳಿ. ಆ ಸಾಲನ್ನು ಮರೆಮಾಡುವ ಸೌಲಭ್ಯ ನಿಮ್ಮ ಚಾಟ್ ತಂತ್ರಾಂಶದಲ್ಲಿದ್ದರೆ ಮರೆಮಾಡಿ.

ಇದೇ ಕಾರಣಕ್ಕೆ, ಅರ್ಥವಾಗದ ಯಾವ ಸಂದೇಶವನ್ನೂ ಅಂತರಜಾಲದಲ್ಲಿ ಸಿಗುವ ಪರಿವರ್ತಕಗಳಿಗೆ ಹಾಕಿ ನೋಡಬೇಡಿ. ಒಳಗೆ ಸದಸ್ಯರ ಹೆಸರು, ಖಾತೆ ಸಂಖ್ಯೆ, ಸಾಲದ ಬಾಕಿ ಏನು ಬೇಕಾದರೂ ಇರಬಹುದು. ಓದುವ ಕೆಲಸ ನಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ.

ನುಡಿ ಕೀಲಿಮಣೆಯ ಗುರುತು

ನುಡಿ ಬಳಸುವ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದರಲ್ಲಿ ವ್ಯಂಜನದ ಕೀಲಿ ಒತ್ತಿದರೆ ‘ಅ’ ಸೇರಿಕೊಂಡೇ ಬರುತ್ತದೆ. `k` ಎಂದರೆ ಕ, `n` ಎಂದರೆ ನ. ಒತ್ತಕ್ಷರ ಬೇಕಾದರೆ, ಅಥವಾ ಪದ ಅರ್ಧಾಕ್ಷರದಲ್ಲಿ ಮುಗಿಯಬೇಕಾದರೆ `f` ಒತ್ತಬೇಕು. ಆದ್ದರಿಂದ ‘ಕನ್ನಡ’ ಎಂಬುದು ಇಂಗ್ಲಿಷ್ ಸ್ಥಿತಿಯಲ್ಲಿ `knfnw` ಆಗಿ ಬರುತ್ತದೆ.

ಇಷ್ಟು ತಿಳಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ಮೊದಲು `f` ಎಲ್ಲಿ ಕೂತಿದೆ ನೋಡಿ. ಕನ್ನಡದಲ್ಲಿ ಲ್ಲ, ತ್ತ, ನ್ನ, ದ್ದ, ಟ್ಟ ಹೆಜ್ಜೆಹೆಜ್ಜೆಗೂ ಬರುತ್ತವೆ. ಅವು `lfl`, `tft`, `nfn`, `dfd`, `qfq` ಆಗಿ ಕಾಣುತ್ತವೆ. ಅಂದರೆ ಒಂದೇ ಅಕ್ಷರದ ಎರಡು ಪ್ರತಿಗಳ ನಡುವೆ `f` ಸಿಕ್ಕಿಕೊಂಡಿರುತ್ತದೆ. ನಮ್ಮಲ್ಲಿಗೆ ಬರುವ ದೂರುಗಳು ಹೆಚ್ಚಾಗಿ ‘ಇಲ್ಲ’ ಎಂದೇ ಮುಗಿಯುವುದರಿಂದ ವಾಕ್ಯದ ಕೊನೆಯಲ್ಲಿ `ilfl` ಕಂಡರೆ ಬಹುಮಟ್ಟಿಗೆ ತೀರ್ಮಾನವಾದಂತೆ. `hN bMdilfl` ಎಂದರೆ ‘ಹಣ ಬಂದಿಲ್ಲ’.

ಎರಡನೆಯದು, ಪದದ ಮಧ್ಯೆ ಏಳುವ ದೊಡ್ಡಕ್ಷರ. `N` ಣ, `M` ಅನುಸ್ವಾರ, `L` ಳ, `S` ಶ, `A` ಆ. ಸುಮ್ಮನೆ ಕುಟ್ಟಿದವರ ಬೆರಳು ಶಿಫ್ಟ್ ಕೀಲಿಯನ್ನು ಹೀಗೆ ನಡುನಡುವೆ ಹಿಡಿದು ಬಿಡುವುದಿಲ್ಲ. ಮೂರನೆಯದು ಸಣ್ಣ `a` ಅಪರೂಪವಾಗಿರುವುದು. ಅದು ‘ಅ’ದಿಂದ ಶುರುವಾಗುವ ಪದದ ಮೊದಲಲ್ಲಿ ಮಾತ್ರ ಬೇಕಾಗುತ್ತದೆ. `q`, `w`, `x` ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಕಾಣುತ್ತವೆ, ಏಕೆಂದರೆ ಅವು ಟ, ಡ, ಷ.

ಅನುಮಾನ ಬಂದರೆ ತಲೆಯಲ್ಲೇ ಬಿಡಿಸುತ್ತ ಕೂರಬೇಡಿ. ನೋಟ್‌ಪ್ಯಾಡ್ ತೆರೆದು, ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಚಾಲೂ ಮಾಡಿ, ಬಂದ ಅಕ್ಷರಗಳನ್ನು ಅದೇ ಕ್ರಮದಲ್ಲಿ, ದೊಡ್ಡಕ್ಷರಕ್ಕೆ ಶಿಫ್ಟ್ ಹಿಡಿದು ಒತ್ತುತ್ತ ಹೋಗಿ. ಕನ್ನಡವಾಗಿದ್ದರೆ ಕನ್ನಡವೇ ಮೂಡುತ್ತದೆ. ನಕಲು ಮಾಡಿ ಅಂಟಿಸಿದರೆ ಆಗುವುದಿಲ್ಲ, ಒತ್ತಲೇಬೇಕು.

ಬಿಡಿಸಿದ ಮೇಲೂ ಅರ್ಥವಾಗದಿದ್ದರೆ ಎರಡು ಕಾರಣ ನೋಡಿ. ಒಂದು, ಕ್ಯಾಪ್ಸ್ ಲಾಕ್. ಅದು ಹತ್ತಿದ್ದರೆ ದೊಡ್ಡದು ಸಣ್ಣದಾಗಿ, ಸಣ್ಣದು ದೊಡ್ಡದಾಗಿ ತಿರುವುಮುರುವಾಗುತ್ತದೆ. ‘ಕೆಂಪುಗೋಟು’ ಸರಿಯಾಗಿ ಬಂದರೆ `keMpugOqu`, ಕ್ಯಾಪ್ಸ್ ಲಾಕ್ ಇದ್ದರೆ `KEmPUGoQU`. ಸಾಲು ಪೂರ್ತಿ ದೊಡ್ಡಕ್ಷರವಿದ್ದು ಅಲ್ಲಲ್ಲಿ ಸಣ್ಣಕ್ಷರ ಇಣುಕುತ್ತಿದ್ದರೆ ಇದನ್ನೇ ಶಂಕಿಸಿ. ಇನ್ನೊಂದು, ಕೆಲವು ತಂತ್ರಾಂಶಗಳು ಟಿಕೆಟ್ಟಿನ ಶೀರ್ಷಿಕೆಯಲ್ಲಿ ಎಲ್ಲ ಅಕ್ಷರವನ್ನೂ ಸಣ್ಣದು ಮಾಡಿ ತೋರಿಸುತ್ತವೆ. ಆಗ ಣ ಹೋಗಿ ನ ಆಗುತ್ತದೆ, ಅನುಸ್ವಾರ ಹೋಗಿ ಮ ಆಗುತ್ತದೆ. ಶೀರ್ಷಿಕೆ ಬಿಟ್ಟು ಮೂಲ ಸಂದೇಶವನ್ನೇ ತೆರೆದು ಓದಿ.

ಇಲ್ಲಿಯ ಮಾತಿನ ಬಗ್ಗೆಯೂ ಒಂದು ವಿಷಯ ಹೇಳಲೇಬೇಕು. ಬಿಡಿಸಿದಾಗ ಸಿಗುವುದು ಪುಸ್ತಕದ ಕನ್ನಡವೇ ಆಗಿರಬೇಕೆಂದಿಲ್ಲ. ಘಟ್ಟದ ಮೇಲಿನ ಹವ್ಯಕರು ಅವಸರದಲ್ಲಿ ತಾವು ಆಡುವ ಹಾಗೆಯೇ `btftilfle` ಎಂದು ಬರೆದಾರು. ಅದು ‘ಬತ್ತಿಲ್ಲೆ’, ಬರುತ್ತಿಲ್ಲ ಎಂದರ್ಥ. ಕರಾವಳಿಯಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವವರು ಬಹಳ. `jAyfnA` ಬಿಡಿಸಿದರೆ ‘ಜಾಯ್ನಾ’ ಸಿಗುತ್ತದೆ, ಆಗುವುದಿಲ್ಲ ಎಂದು. ಬೆಂಗಳೂರಿನಲ್ಲಿ ಕೂತವರು ಇದನ್ನು ನೋಡಿ ಬಿಡಿಸಿದ್ದೇ ತಪ್ಪಾಯಿತು ಎಂದುಕೊಳ್ಳುತ್ತಾರೆ. ಬಿಡಿಸಿದಾಗ ಉಚ್ಚರಿಸಲು ಬರುವ ಪದ ಸಿಕ್ಕಿತೆಂದರೆ ಅದು ಯಾರದೋ ಮಾತು. ನಿಮಗೆ ಆ ಮಾತು ಬಾರದಿದ್ದರೆ ಬಲ್ಲ ಸಹೋದ್ಯೋಗಿಗೆ ದಾಟಿಸಿ.

ಒಂದು ಪ್ರಕರಣ, ಮೊದಲಿಂದ ಕೊನೆವರೆಗೆ

ಘಟ್ಟದ ಮೇಲಿನ ಒಂದು ಸಂಘದಿಂದ ಬಂದ ಚಾಟ್ ಎಂದಿಟ್ಟುಕೊಳ್ಳಿ. ಮಹಸೂಲು, ಅಂದರೆ ಅಡಿಕೆಯಂಥ ಬೆಳೆ, ತಂದವರಿಗೆ ರಸೀದಿ ಕೊಡುವ ಕಂಪ್ಯೂಟರ್ ಅದು. ಸಂದೇಶ ಹೀಗಿದೆ:

```
nmsfkAr
rsIdiylfli hesru iMgflixf akfxrdlfli brutftide
```

ಎರಡನೇ ಸಾಲಿನಲ್ಲಿ ಆರು `f` ಇವೆ; ಅವುಗಳಲ್ಲಿ ಎರಡು `lfl` ನಡುವೆ, ಒಂದು `tft` ನಡುವೆ. `I`, `M` ಪದದ ಒಳಗಿವೆ. ಪದಗಳ ನಡುವೆ ಜಾಗ ಬಿಟ್ಟಿದ್ದಾರೆ, ಆದ್ದರಿಂದ ಪಾಸ್‌ವರ್ಡ್ ಅಲ್ಲ. ನೋಟ್‌ಪ್ಯಾಡಿನಲ್ಲಿ ಒತ್ತಿದರೆ ಸಿಗುವುದು: ‘ನಮಸ್ಕಾರ. ರಸೀದಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದೆ.’

ಈಗ ಉತ್ತರ. ನಮ್ಮಲ್ಲಿ ಮೊದಲೇ ಬರೆದಿಟ್ಟ ಒಂದು ಉತ್ತರವಿದೆ: ‘ನಿಮ್ಮ ಸಂದೇಶ ಅರ್ಥವಾಗಲಿಲ್ಲ, ದಯವಿಟ್ಟು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ.’ ಇದನ್ನು ದಯವಿಟ್ಟು ಬಳಸಬೇಡಿ. ಆ ಗುಮಾಸ್ತರು ಕನ್ನಡದಲ್ಲೇ ಬರೆದಿದ್ದಾರೆ. ಎದುರಿಗೆ ಅಡಿಕೆ ಚೀಲ ಇಳಿಸಿ ಕಾದು ನಿಂತವರಿದ್ದಾರೆ. ಅಂಥವರಿಗೆ ಮತ್ತೆ ಕನ್ನಡದಲ್ಲಿ ಬರೆಯಿರಿ ಎಂದರೆ ಮನಸ್ಸಿಗೆ ನೋವಾಗುತ್ತದೆ, ಕೆಲಸವೂ ನಿಲ್ಲುತ್ತದೆ. ಬದಲಿಗೆ ಹೀಗೆ ಬರೆಯಿರಿ:

‘ನಮಸ್ಕಾರ. ರಸೀದಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದೆ ಎಂದು ಬರೆದಿದ್ದೀರಿ, ನನಗೆ ಗೊತ್ತಾಯಿತು. ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಈಗ ಚಾಲೂ ಇಲ್ಲವೆಂದು ಕಾಣುತ್ತದೆ. ಅದು ಸರಿಯಾಗುವ ತನಕ ನೀವು ಹೀಗೇ ಬರೆಯಿರಿ, ನಾನು ಓದಿಕೊಳ್ಳುತ್ತೇನೆ.’

ಕೊನೆಯ ವಾಕ್ಯ ಮುಖ್ಯವಾದದ್ದು. ಗ್ರಾಹಕರು ಮೊದಲು ಕೀಲಿಮಣೆ ಸರಿಪಡಿಸಿಕೊಂಡು ಆಮೇಲೆ ತಮ್ಮ ದೂರು ಹೇಳಬೇಕು ಎಂಬ ಷರತ್ತು ನಮ್ಮಿಂದ ಬರಬಾರದು.

ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅವರ ದೂರಿಗೂ ಅವರ ಸಂದೇಶದ ರೂಪಕ್ಕೂ ಕಾರಣ ಒಂದೇ. ಹೆಸರಿನ ಜಾಗದಲ್ಲಿ ಕನ್ನಡ ಮೂಡದೆ ಇಂಗ್ಲಿಷ್ ಅಕ್ಷರ ಮೂಡುವುದು ಯಾಕೆ ಎಂದು ಅವರು ಕೇಳುತ್ತಿದ್ದಾರೆ, ಚಾಟ್ ಪೆಟ್ಟಿಗೆಯಲ್ಲೂ ಅದೇ ಆಗಿದೆ. ರಸೀದಿಯ ನಮೂನೆ ಕೆಟ್ಟಿದೆ ಎಂದೋ ಪ್ರಿಂಟರಿನಲ್ಲಿ ದೋಷವಿದೆ ಎಂದೋ ಬೇರೆ ದಾರಿ ಹಿಡಿಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಕೇಳಬೇಕಾದ ಪ್ರಶ್ನೆ ಒಂದೇ: ‘ರಸೀದಿಯಲ್ಲಿ ಬಂದ ಹೆಸರನ್ನು ಇದ್ದಂತೆಯೇ ಇಲ್ಲಿ ಬರೆಯುತ್ತೀರಾ?’ ಸದಸ್ಯರ ಹೆಸರು ಬೇಡವಾದರೆ ಊರಿನ ಹೆಸರು ಸಾಕು. ಉತ್ತರ `sidfdApur` ಎಂದು ಬಂದರೆ, ಸಿದ್ದಾಪುರ ಎಂದು ಒತ್ತಿದ್ದು ನುಡಿ ಇಲ್ಲದೆ ಹಾಗೇ ಉಳಿದಿದೆ. ಪ್ರಿಂಟರಿನ ತಪ್ಪು ಏನೂ ಇಲ್ಲ. ರಸೀದಿಯಲ್ಲಿ ಬೇರೆ ಬಗೆಯ ಚಿಹ್ನೆಗಳಿದ್ದರೆ ಮಾತ್ರ ಫಾಂಟಿನ ಕಡೆ ಹೋಗಬೇಕು. ಅದು ಮುಂದೆ ಬರುತ್ತದೆ.

ನುಡಿ ಚಾಲೂ ಮಾಡಿಸುವುದು ಸುಲಭ. ಪರದೆಯ ಮೇಲಿನ ನುಡಿಯ ಗುರುತನ್ನು ಎರಡು ಸಲ ಒತ್ತಿ ತೆರೆಯಲು ಹೇಳಿ. ಕನ್ನಡಕ್ಕೂ ಇಂಗ್ಲಿಷಿಗೂ ಬದಲಿಸುವ ಕೀಲಿ ಸಾಮಾನ್ಯವಾಗಿ `Scroll Lock`. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇರುವುದಿಲ್ಲ, ಹಳೆ ಕಂಪ್ಯೂಟರ್ ಹೋಗಿ ಹೊಸ ಲ್ಯಾಪ್‌ಟಾಪ್ ಬಂದ ಸಂಘಗಳಲ್ಲಿ ಈ ತೊಡಕು ಎದುರಾಗುತ್ತದೆ. ಆಗ Windows ಕೀಲಿ ಹಿಡಿದು R ಒತ್ತಿ, ಬರುವ ಪೆಟ್ಟಿಗೆಯಲ್ಲಿ `osk` ಎಂದು ಬರೆದು Enter ಒತ್ತಲು ಹೇಳಿ. ಪರದೆಯ ಮೇಲೆ ಕೀಲಿಮಣೆ ಮೂಡುತ್ತದೆ, ಅದರಲ್ಲಿ `ScrLk` ಇದೆ. ಆಜ್ಞೆಯನ್ನು ಇಂಗ್ಲಿಷ್ ಸ್ಥಿತಿಯಲ್ಲೇ ಒತ್ತಬೇಕು.

ಕೀಲಿಮಣೆ ಸರಿಯಾಯಿತು, ಮುಂದಿನ ರಸೀದಿ ಕನ್ನಡದಲ್ಲಿ ಬಂತು ಎಂದ ಕೂಡಲೇ ಚಾಟ್ ಮುಗಿಸಬೇಡಿ. ಕಂಪ್ಯೂಟರ್ ಮತ್ತೆ ಶುರುವಾದ ಹೊತ್ತಿನಿಂದ ಈವರೆಗೆ ಹಾಕಿದ ನಮೂದುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಲೆಕ್ಕದೊಳಗೆ ಕೂತಿವೆ. ಅವು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಇವತ್ತು ಹಾಗೇ ಬಿಟ್ಟರೆ, ನಾಳೆ ಸದಸ್ಯರ ಹೆಸರು ಹುಡುಕಿದಾಗ ಆ ರಸೀದಿಗಳು ಪಟ್ಟಿಯಲ್ಲಿ ಕಾಣುವುದಿಲ್ಲ, ಕೊಟ್ಟ ಮಹಸೂಲು ದಾಖಲಾಗಿಲ್ಲ ಎಂಬ ದೊಡ್ಡ ದೂರು ಹುಟ್ಟುತ್ತದೆ. ಕರೆಂಟು ಬಂದ ಹೊತ್ತು ಕೇಳಿ, ಆ ಹೊತ್ತಿನಿಂದ ಈಚಿನ ರಸೀದಿ ಸಂಖ್ಯೆಗಳ ಪಟ್ಟಿ ತೆಗೆಸಿ, ಒಂದೊಂದಾಗಿ ತಿದ್ದಲು ಗುಮಾಸ್ತರ ಜೊತೆ ಕೂತುಕೊಳ್ಳಿ. ಕೈಗೆ ಕೊಟ್ಟ ಕಾಗದದ ರಸೀದಿಗೆ ಬದಲಿ ಕೊಡಬೇಕೋ ಬೇಡವೋ ಎಂಬುದು ಸಂಘದ ಕಾರ್ಯದರ್ಶಿಯವರ ತೀರ್ಮಾನ, ನಾವು ಹೇಳಬಾರದು.

ನುಡಿ ಅಲ್ಲದಿದ್ದರೆ

ವಿಂಡೋಸಿನಲ್ಲಿ ಕನ್ನಡ ಭಾಷೆ ಸೇರಿಸಿಕೊಂಡು ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತವರೂ ಇದ್ದಾರೆ. ಅವರ ಸಂದೇಶದಲ್ಲಿ `f` ಮಾಡುವ ಕೆಲಸವನ್ನು `d` ಮಾಡುತ್ತದೆ. ‘ಹಣ ಬಂದಿಲ್ಲ’ ಎಂಬುದು `uC yxofndn` ಆಗುತ್ತದೆ, ‘ಕನ್ನಡ’ ಎಂಬುದು `kvdv[` ಆಗುತ್ತದೆ. ಪದದೊಳಗೆ ಆವರಣ ಚಿಹ್ನೆ, ಅರ್ಧವಿರಾಮ, ಓರೆಗೆರೆ ಸಿಕ್ಕಿದರೆ ಇದೇ. ಡ, ಚ, ಯ ಆ ಕೀಲಿಗಳ ಮೇಲೆ ಕೂತಿವೆ. ಅವರಿಗೆ Windows ಕೀಲಿ ಹಿಡಿದು Space ಒತ್ತಲು ಹೇಳಿದರೆ ಸಾಕು.

ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕಿ ಇದ್ದರೆ ಕತೆ ಬೇರೆ:

```
PÀ£ÀßqÀ
¥ÁªÀw
```

ಇವು ‘ಕನ್ನಡ’ ಮತ್ತು ‘ಪಾವತಿ’. ಹಳೆಯ ನುಡಿ ಫಾಂಟಿನಲ್ಲಿ ವರ್ಡ್ ಕಡತದಲ್ಲಿದ್ದ ಬರಹವನ್ನು ನಕಲು ಮಾಡಿ ಚಾಟ್‌ಗೆ ಅಂಟಿಸಿದ್ದಾರೆ. ಅವರ ಕಡತದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ, ಚಾಟ್‌ನಲ್ಲಿ ಆ ಫಾಂಟು ಇಲ್ಲ. ಸಾಲನ್ನು ನಕಲು ಮಾಡಿ ನಿಮ್ಮ ವರ್ಡ್‌ನಲ್ಲಿ ಅಂಟಿಸಿ, ಫಾಂಟನ್ನು `Nudi 01 e` ಎಂದು ಬದಲಿಸಿದರೆ ಓದಬಹುದು. ಇಲ್ಲಿ ಅಂಟಿಸಿದರೆ ಆಗುತ್ತದೆ. ಗ್ರಾಹಕರಿಗೆ ಕೆಲಸ ಹಚ್ಚಬೇಕಾದ್ದಿಲ್ಲ. ಕಡತ ದೊಡ್ಡದಿದ್ದರೆ ಅದನ್ನೇ ಕಳಿಸಲು ಹೇಳಿ, ನುಡಿಯ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ.

ಪ್ರತಿ ಅಕ್ಷರವೂ `à²` ಅಥವಾ `à³` ಎಂದು ಶುರುವಾಗುತ್ತಿದ್ದರೆ ಗ್ರಾಹಕರು ಸರಿಯಾದ ಯೂನಿಕೋಡ್ ಕನ್ನಡವನ್ನೇ ಕಳಿಸಿದ್ದಾರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್. ಮೊದಲೆರಡು `E0 B2` ಅಥವಾ `E0 B3`. ಅದನ್ನು ನಡುವೆ ಯಾವುದೋ ಹಂತ ಹಳೆಯ ಇಂಗ್ಲಿಷ್ ಸಂಕೇತವೆಂದು ಓದಿದೆ. ಇದು ನಮ್ಮ ಕಡೆಯ ದೋಷ. ಗ್ರಾಹಕರಿಗೆ ಕೀಲಿಮಣೆ ಬದಲಿಸಿ ಎಂದು ಹೇಳಲೇಬೇಡಿ. ಅದೇ ಹೊತ್ತಿನಲ್ಲಿ ಬೇರೆಯವರ ಕನ್ನಡವೂ ಹೀಗೇ ಬರುತ್ತಿದೆಯೇ ನೋಡಿ, ಮೂಲ ಸಾಲಿನ ಸಮೇತ ತಾಂತ್ರಿಕ ವಿಭಾಗಕ್ಕೆ ಕಳಿಸಿ, ಗ್ರಾಹಕರಿಗೆ ದೂರವಾಣಿ ಮಾಡಿ.

ನಿಜವಾಗಿಯೂ ಬರೀ ಅಕ್ಷರ

`asdfghjkl`, `jjjjjjj`, `dfgdfg`. ಅಕ್ಕಪಕ್ಕದ ಕೀಲಿಗಳು, ಒಂದೇ ತುಂಡಿನ ಪುನರಾವರ್ತನೆ. ಇಲ್ಲೂ `f` ಇದೆ ಎಂದು ಮೋಸಹೋಗಬೇಡಿ. ಅದು `d`, `g` ಎಂಬ ನೆರೆಕೀಲಿಗಳ ನಡುವೆ ಇದೆಯೇ ಹೊರತು ಒಂದೇ ಅಕ್ಷರದ ಜೋಡಿಯ ನಡುವೆ ಇಲ್ಲ. ಫೋನ್ ಜೇಬಿನಲ್ಲಿದ್ದಾಗ, ಕೀಲಿಮಣೆ ಒರೆಸುವಾಗ ಹೀಗಾಗುತ್ತದೆ. ಇನ್ನು ಕೆಲವರು ಯಾರಾದರೂ ಇದ್ದಾರೋ ಇಲ್ಲವೋ ನೋಡಲು ಬೇಕೆಂದೇ ಏನೋ ಒತ್ತಿ ಕಳಿಸುತ್ತಾರೆ. ಅವರ ಮುಂದಿನ ಸಂದೇಶ ಸಾಮಾನ್ಯವಾಗಿ ಬೇಗ ಬರುತ್ತದೆ.

ಇಲ್ಲಿ ಮಾಡುವುದು ಸ್ವಲ್ಪವೇ. ‘ನಮಸ್ಕಾರ, ನಾನು ಇಲ್ಲಿದ್ದೇನೆ. ನಿಮಗೆ ಏನು ಸಹಾಯ ಬೇಕು? ಬರೆಯಲು ಕಷ್ಟವಾದರೆ ಧ್ವನಿ ಸಂದೇಶ ಕಳಿಸಿ, ಅಥವಾ ಕರೆ ಮಾಡಲೇ ಎಂದು ತಿಳಿಸಿ’ ಎಂದು ಒಂದು ಸಲ ಬರೆದು ಕಾಯಿರಿ. ಕೈ ನಡುಗುವ ಹಿರಿಯರೂ ಕಣ್ಣು ಮಂಜಾದವರೂ ನಮ್ಮ ಗ್ರಾಹಕರಲ್ಲಿದ್ದಾರೆ, ಅವರಿಗೆ ಧ್ವನಿಯ ದಾರಿ ತೋರಿಸುವುದು ಈ ಉತ್ತರದಲ್ಲಿ ಬಿಟ್ಟುಹೋಗಬಾರದು. ಉತ್ತರ ಬರದಿದ್ದರೆ ಮತ್ತೆ ಬರೆದರೆ ತೆರೆದುಕೊಳ್ಳುವಂತೆ ಚಾಟ್ ಮುಚ್ಚಿ. ಸಂಖ್ಯೆಯನ್ನು ತಡೆಹಿಡಿಯುವುದು ಬೇಡ.

ಟಿಕೆಟ್ಟಿನಲ್ಲಿ ಏನು ಬರೆಯಬೇಕು

ಮೂಲ ಸಂದೇಶ ಇದ್ದಂತೆಯೇ (ಪಾಸ್‌ವರ್ಡ್ ಎಂಬ ಅನುಮಾನವಿದ್ದರೆ ಬಿಟ್ಟು), ಬಿಡಿಸಿದ ಕನ್ನಡ, ಯಾವ ವಿನ್ಯಾಸ, ಗ್ರಾಹಕರು ಕಂಪ್ಯೂಟರಿನಿಂದ ಬರೆದರೋ ಫೋನಿನಿಂದಲೋ, ತಿದ್ದಬೇಕಾದ ನಮೂದು ಉಳಿದಿದೆಯೋ. ‘ಅರ್ಥವಿಲ್ಲದ ಸಂದೇಶ’ ಎಂಬ ವರ್ಗದಲ್ಲಿ ಹಾಕಬೇಡಿ, ‘ಕೀಲಿಮಣೆ’ ವರ್ಗದಲ್ಲಿ ಹಾಕಿ. ಮೊದಲ ವರ್ಗದ ಟಿಕೆಟ್ಟುಗಳು ತಾವಾಗಿ ಮುಚ್ಚಿಕೊಳ್ಳುವಂತೆ ನಿಯಮ ಹಾಕಿದ್ದರೆ, ಅದರಿಂದ `lfl`, `tft`, `nfn`, `qfq` ಇರುವ ಸಂದೇಶಗಳನ್ನು ಹೊರಗಿಡಲು ಮೇಲ್ವಿಚಾರಕರಿಗೆ ಹೇಳಿ. ನಿಯಮ ಬದಲಾಗುವ ತನಕ ದಿನದ ಕೊನೆಯಲ್ಲಿ ಯಾರಾದರೂ ಒಬ್ಬರು ಮುಚ್ಚಿಹೋದ ಪಟ್ಟಿಯನ್ನು ಕಣ್ಣಾಡಿಸಬೇಕು, `ilfl` ಕಂಡ ಕಡೆಗೆಲ್ಲ ಅಂದೇ ತಿರುಗಿ ಉತ್ತರ ಹೋಗಬೇಕು.